ಟಿಕೆಟ್ಟಿಗೆ ಕಾಸಿಲ್ಲ

ಹೌಸಿ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಪಾಸ್‌ಪೋರ್ಟಿನಲ್ಲಿತ್ತು, ಕೆಲಸದ ಸಮವಸ್ತ್ರದ ಮೇಲಿನ ಬಿಲ್ಲೆಯಲ್ಲಿತ್ತು. ಆದರೆ ಪರದೇಶದ ಆ ಊರಿನ ಕನ್ನಡ ಕೂಟದಲ್ಲಿ ಅದನ್ನು ಹೇಳಿ ಕೇಳಿದರೆ, ಅಂಥವರು ಯಾರೂ ಇಲ್ಲವಲ್ಲ ಎಂದು ಜನ ತಲೆಯಾಡಿಸಿಬಿಡುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಹೌಸಿ ಅಕ್ಕ ಎಂದೇ ಕರೆಯುತ್ತಿದ್ದರು.

ಹೌಸಿ ಅಂದರೆ ಬೇರೇನಲ್ಲ, ತಂಬೋಲ. ಎಲ್ಲರ ಕೈಗೂ ಹದಿನೈದು ಸಂಖ್ಯೆಯ ಒಂದು ಚೀಟಿ. ಚೀಲದೊಳಗಿನ ತೊಂಬತ್ತು ಬಿಲ್ಲೆಗಳಿಂದ ಒಂದೊಂದನ್ನೇ ತೆಗೆದು ಒಬ್ಬರು ಕೂಗುತ್ತಾರೆ, ಮಿಕ್ಕವರು ತಮ್ಮ ಚೀಟಿಯಲ್ಲಿ ಹೊಡೆದುಕೊಳ್ಳುತ್ತಾರೆ. ಮೊದಲ ಐದು ಹೊಡೆದವರಿಗೆ ಒಂದು ಬಹುಮಾನ, ಸಾಲು ತುಂಬಿದವರಿಗೆ ಒಂದು, ಎಲ್ಲ ತುಂಬಿದವರಿಗೆ ದೊಡ್ಡದು. ಆಟ ಇಷ್ಟೇ. ಇದರಲ್ಲಿ ಜಾಣತನಕ್ಕೆ ಕೆಲಸವಿಲ್ಲ, ಕಿವಿ ಮತ್ತು ಪೆನ್ನು ಇದ್ದರೆ ಸಾಕು. ಆದರೆ ಕೂಗುವವರಿಗೆ ಬಾಯಿ ಇರಬೇಕು, ಅದು ಹೌಸಿ ಅಕ್ಕನಿಗೆ ಧಾರಾಳವಾಗಿತ್ತು. "ಗಂಡ ಹೆಂಡ್ತಿ, ನಡುವೆ ಒಂದೇ ರಿಮೋಟು, ಎರಡು" ಅನ್ನುವಳು. "ಸುಳ್ಳು ಹೇಳಲ್ಲ ಕಣ್ರೀ, ಹದಿನಾರಾಣೆ ಸತ್ಯ, ಹದಿನಾರು" ಅನ್ನುವಳು. ನಗುವ ಭರದಲ್ಲಿ ಜನ ತಮ್ಮ ಚೀಟಿ ನೋಡಿಕೊಳ್ಳುವುದನ್ನೇ ಮರೆತು, ಆಮೇಲೆ ಅಯ್ಯೋ ಇದು ನನ್ನ ಹತ್ತಿರ ಇತ್ತಲ್ಲ ಎಂದು ಪರದಾಡುವರು.

ಬಿಲ್ಲೆಗಳ ಆ ಬಟ್ಟೆ ಚೀಲ ಊರಿನಿಂದ ತಂದದ್ದು. ಊರಲ್ಲಿದ್ದಾಗ ಅದಕ್ಕೆ ಕೈ ಹಾಕಿ ಬಿಲ್ಲೆ ತೆಗೆಯುವ ಹಕ್ಕು ಮಗಳದಾಗಿತ್ತು. ಆ ಮಗಳಿಗೆ ಈಗ ಎಂಟು ವರ್ಷ. ಅಪ್ಪನ ಜೊತೆ ಊರಲ್ಲೇ ಇದ್ದಾಳೆ. ಅಮ್ಮ ಇಲ್ಲಿ ವಯಸ್ಸಾದವರ ಆರೈಕೆ ಮನೆಯೊಂದರಲ್ಲಿ ನರ್ಸು. ಕೆಲಸದ ವೀಸಾದ ಮೇಲೆ ಬಂದವರು ಮನೆಯವರನ್ನು ಕರೆಸಿಕೊಳ್ಳಬೇಕಾದರೆ ಮೊದಲು ಕಾಯಂ ವಾಸದ ಪರವಾನಗಿ ಸಿಗಬೇಕು. ಅರ್ಜಿ ಹೋಗಿಯಾಗಿತ್ತು. ಸಂದರ್ಶನ ಒಂದು ಬಾಕಿ ಇತ್ತು. ಪ್ರತಿ ವಿಡಿಯೊ ಕಾಲಿನಲ್ಲೂ ಮಗಳು ಅದೇ ಪ್ರಶ್ನೆ ಕೇಳುವಳು, "ಅಮ್ಮ, ಆಯ್ತಾ?" ಅಮ್ಮ ಅದೇ ಉತ್ತರ ಕೊಡುವಳು, "ಆಗ್ತಾ ಇದೆ ಪುಟ್ಟ." ಆ ಎರಡು ಮಾತಿನ ನಡುವೆ ಅವಳ ಬದುಕು ನೇತಾಡುತ್ತಿತ್ತು.

ಹೀಗಿರುವಾಗ ಕೂಟದ ವಾರ್ಷಿಕೋತ್ಸವ ಬಂತು. ಮಕ್ಕಳ ಕನ್ನಡ ತರಗತಿ ನಡೆಯುವ ಕೋಣೆಯ ಬಾಡಿಗೆ ಏರಿತ್ತು, ಅದಕ್ಕೊಂದು ದಾರಿ ಆಗಬೇಕಿತ್ತು. ಕೂಟದ ಅಧ್ಯಕ್ಷರು ದಂತವೈದ್ಯರು. ಹಲ್ಲು ಡಾಕ್ಟ್ರು ಎಂದರೇ ಎಲ್ಲರಿಗೂ ಗೊತ್ತು. ಅವರು ಹೇಳಿದರು, "ಹೌಸಿ ಟಿಕೆಟ್ ಮಾರೋಣ. ಬಂದ ದುಡ್ಡಲ್ಲಿ ಅರ್ಧ ಬಹುಮಾನಕ್ಕೆ, ಅರ್ಧ ತರಗತಿಗೆ. ಅಕ್ಕ ಕೂಗ್ತಾರೆ ಅಂದ್ರೆ ಹಾಲ್ ತುಂಬುತ್ತೆ." ಅಕ್ಕ ಹಿಂದೆಮುಂದೆ ನೋಡದೆ ಆಯ್ತು ಅಂದಳು. ಪೋಸ್ಟರ್ ತಯಾರಾಯಿತು. ಟಿಕೆಟ್ಟಿನ ಬೆಲೆ ಒಂದು ಮೂಲೆಯಲ್ಲಿ, ಅಕ್ಕನ ನಗುಮುಖ ಇನ್ನೊಂದು ಮೂಲೆಯಲ್ಲಿ. ಆ ಫೋಟೊ ಚೆನ್ನಾಗಿ ಬಂದಿದೆ ಎಂದು ಅವಳೇ ಅದನ್ನು ನಾಲ್ಕು ಕಡೆ ಹಂಚಿದಳು.

ಆರೈಕೆ ಮನೆಯಲ್ಲೂ ವಾರಕ್ಕೊಮ್ಮೆ ಇದೇ ಆಟ ನಡೆಯುತ್ತದೆ, ಒಮ್ಮೊಮ್ಮೆ ಕೂಗುವುದು ಅಕ್ಕನೇ. ಅಲ್ಲಿಯವರು ಅದನ್ನು ಬಿಂಗೊ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಊಟದ ಕೋಣೆಯ ಮೇಜುಗಳನ್ನು ಒತ್ತಟ್ಟಿಗೆ ಸೇರಿಸಿ, ಗಾಲಿಕುರ್ಚಿಗಳ ಬ್ರೇಕು ಹಾಕಿ, ಕನ್ನಡಕ ಯಾರದು ಯಾರ ಮೂಗಿನ ಮೇಲಿದೆ ಎಂದು ನೋಡಿ ಸರಿಮಾಡುವಷ್ಟರಲ್ಲಿ ಅರ್ಧ ಮಧ್ಯಾಹ್ನ ಮುಗಿದಿರುತ್ತದೆ. ಗೆದ್ದವರಿಗೆ ಒಂದು ಸೋಪು, ಇಲ್ಲವೇ ಬಿಸ್ಕತ್ತಿನ ಪೊಟ್ಟಣ. ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ಅವರ ಕಪಾಟಿನಲ್ಲಿ ಇಡೀ ವಾರ್ಡಿಗೆ ಸಾಲುವಷ್ಟು ಸೋಪು ಸೇರಿತ್ತು. ಪೋಸ್ಟರ್ ಹಂಚಿದ ವಾರ ಅವರು ಇನ್ನೊಂದು ಸೋಪು ಗೆದ್ದು ಮುಖ ಸಿಂಡರಿಸಿದಾಗ ಅಕ್ಕ ಅಲ್ಲಿಯ ಭಾಷೆಯಲ್ಲಿ, ಅಂದು ಆಟ ನಡೆಸುತ್ತಿದ್ದ ಸಹೋದ್ಯೋಗಿಗೆ ತಮಾಷೆಯಾಗಿ ಹೇಳಿದಳು.

"ಪಾಪ, ಎಲ್ಲರ ಹತ್ರಾನೂ ಒಂದೊಂದು ನಾಣ್ಯ ಹಾಕಿಸಿ, ಗೆದ್ದೋರಿಗೆ ಕೊಡಬಾರದಾ? ಆಟ ರಂಗೇರುತ್ತೆ."

ಸಹೋದ್ಯೋಗಿ ಬಿಲ್ಲೆಗಳನ್ನು ಡಬ್ಬಿಗೆ ತುಂಬುತ್ತಿದ್ದವಳು ಕೈ ನಿಲ್ಲಿಸಿದಳು. "ನಾಣ್ಯ ತಗೊಂಡ್ರೆ ಜೂಜಾಗುತ್ತೆ. ಪರವಾನಗಿ ಬೇಕು. ನಮಗೆ ಇದನ್ನ ತರಬೇತೀಲೇ ಹೇಳಿದ್ರು. ಪುಕ್ಕಟೆ ಆಡಿಸಿದ್ರೆ ಏನೂ ತಕರಾರಿಲ್ಲ."

"ಬಿಂಗೊ ಜೂಜಾ?"

"ದುಡ್ಡು ಕೊಟ್ಟು ಸೇರಬೇಕು, ಗೆಲ್ಲೋದು ಅದೃಷ್ಟದ ಮೇಲೆ, ಗೆದ್ರೆ ಏನಾದ್ರೂ ಸಿಗುತ್ತೆ. ಈ ಮೂರೂ ಸೇರಿದ್ರೆ ಇಲ್ಲಿ ಜೂಜೇ. ಆಡೋದು ಅಜ್ಜಿಯರೇ ಆಗಿರಲಿ."

ಅಕ್ಕನಿಗೆ ಕಣ್ಣೆದುರು ಬಂದದ್ದು ಪೋಸ್ಟರಿನ ಆ ಚೆಂದದ ಫೋಟೊ. ಅದರ ಪಕ್ಕದಲ್ಲೇ ಟಿಕೆಟ್ಟಿನ ಬೆಲೆ.

ಊರಲ್ಲಿ ಹೌಸಿಯನ್ನು ಜೂಜು ಎಂದು ಯಾರಾದರೂ ಅಂದಿದ್ದರೆ ಅವರ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದರು. ನಮ್ಮ ಜನರ ಲೆಕ್ಕದಲ್ಲಿ ಜೂಜು ಎಂದರೆ ಇಸ್ಪೀಟು, ಮುಚ್ಚಿದ ಬಾಗಿಲು, ಮೀಸೆಯ ಗಂಡಸರು. ಸೊಸೆ, ಅತ್ತೆ, ಮೊಮ್ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಆಡುವುದು ಜೂಜು ಹೇಗಾದೀತು? ಆದರೆ ಚಾಪೆಯ ಮೇಲೆ ಯಾರು ಕೂತಿದ್ದಾರೆ ಎಂದು ಕಾನೂನು ನೋಡುವುದಿಲ್ಲ. ಅಷ್ಟೇ ಏಕೆ, ಊರಲ್ಲಿ ಕಾನೂನು ಏನೆನ್ನುತ್ತದೆ ಎಂದೂ ಅಕ್ಕ ಯಾವತ್ತೂ ಕೇಳಿದವಳಲ್ಲ. ಕೇಳುವವರು ಇರಲಿಲ್ಲ, ಅದಕ್ಕೇ ಸರಿ ಎಂದುಕೊಂಡಿದ್ದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ಬಟ್ಟೆ ಒಗೆದಿಡುವ ಕೋಣೆಗೆ ಹೋಗಿ, ಒಗೆದ ಹೊದಿಕೆಗಳ ರಾಶಿಗೆ ಬೆನ್ನು ಕೊಟ್ಟು ಕೂತಳು. ಜೂಜಿನ ನಿಯಮಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯ ವೆಬ್‌ಸೈಟನ್ನು ರಾತ್ರಿಯೇ ಓದಿದ್ದಳು. ಸಹೋದ್ಯೋಗಿ ಹೇಳಿದ್ದು ಅಕ್ಷರಶಃ ಹಾಗೇ ಇತ್ತು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ನಡೆಸುವವರು ಮಾತ್ರವಲ್ಲ, ನಡೆಸಲು ನೆರವಾದವರೂ ಹೊಣೆಗಾರರು. ಆ ಸಾಲನ್ನು ಓದಿದ ಮೇಲೆ ಅವಳಿಗೆ ನಿದ್ದೆ ಹತ್ತಿರಲಿಲ್ಲ. ಕೂಗುವುದೂ ನೆರವೇ ಅಲ್ಲವೇ?

ಫೋನು ಮಾಡಲು ಬೆರಳು ಏಳಲಿಲ್ಲ. ಪರದೇಶದಲ್ಲಿರುವವರಿಗೆ ಮಾತ್ರ ಗೊತ್ತಿರುವ ಭಯ ಅದು. ಸರ್ಕಾರದ ಯಾವ ಕಚೇರಿಯ ಕಣ್ಣಿಗೂ ಬೀಳದೆ, ಗೋಡೆಗೆ ಒರಗಿಕೊಂಡು ನಡೆಯುವುದೇ ಕ್ಷೇಮ ಎನ್ನುವ ಭಯ. ತಾನಾಗಿ ಫೋನು ಮಾಡಿ ಹೆಸರು ಹೇಳಿದರೆ ಕೈಯಾರೆ ದೂರು ಕೊಟ್ಟುಕೊಂಡಂತೆ ಆದೀತೇ ಎಂದು ಅವಳು ಹೆದರಿದಳು. ಆಮೇಲೆ ಮಗಳ "ಆಯ್ತಾ?" ನೆನಪಾಯಿತು. ಗುಂಡಿ ಒತ್ತಿಬಿಟ್ಟಳು.

ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬ ಹೆಂಗಸಿನ ದನಿ ಬಂತು. ಅಕ್ಕ ವಿಷಯ ಹೇಳಿದಳು. ದನಿಯಲ್ಲಿ ಗದರಿಕೆ ಇರಲಿಲ್ಲ, ದಿನಕ್ಕೆ ಹತ್ತು ಸಲ ಇದೇ ಪ್ರಶ್ನೆ ಕೇಳಿದವರ ಸಮಾಧಾನವಿತ್ತು. ನಿಮ್ಮ ಕೂಟ ನೋಂದಾಯಿತ ದತ್ತಿ ಸಂಸ್ಥೆಯೇ? ಅಲ್ಲ, ಸ್ನೇಹಿತರ ಕೂಟ. ಹಾಗಾದರೆ ಪರವಾನಗಿಗೆ ಅರ್ಜಿ ಹಾಕಲು ಬರುವುದಿಲ್ಲ. ಹಾಕುವಂತಿದ್ದರೂ ಇಷ್ಟು ಕಡಿಮೆ ದಿನದಲ್ಲಿ ಸಿಗದು. ಟಿಕೆಟ್ ಮಾರಿದ್ದೀರಾ? ಕೆಲವು. ಮಾರಾಟ ನಿಲ್ಲಿಸಿ, ಕೊಂಡವರಿಗೆಲ್ಲ ದುಡ್ಡು ಹಿಂದಿರುಗಿಸಿ. ಪುಕ್ಕಟೆ ಆಡಿಸಬಹುದೇ? ಧಾರಾಳವಾಗಿ. ಆದರೆ ಪುಕ್ಕಟೆ ಎಂದರೆ ನಿಜವಾಗಿ ಪುಕ್ಕಟೆ.

"ನಾನು ಕೇಳಿದ್ದಕ್ಕೆ ನನಗೆ ಏನಾದ್ರೂ ತೊಂದರೆ ಆಗುತ್ತಾ?" ಎಂದು ಅಕ್ಕ ಕೊನೆಗೆ ಕೇಳಿದಳು.

ಆ ಹೆಂಗಸು ಹೇಳಿದಳು, "ಕೇಳೋದಕ್ಕೇ ನಾವಿರೋದು. ಇದನ್ನೆಲ್ಲ ನಿಮಗೆ ಬರವಣಿಗೆಯಲ್ಲೂ ಕಳಿಸ್ತೀನಿ." ಅಕ್ಕನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಆದರೆ ಕೂಟದವರ ಹೊಟ್ಟೆಗೆ ಹಾಗೆ ಆಗಲಿಲ್ಲ. ಕೂಟದ ಸಭೆ ಯಾವಾಗಲೂ ಹಲ್ಲು ಡಾಕ್ಟ್ರ ಕ್ಲಿನಿಕ್ಕಿನಲ್ಲೇ, ಸಂಜೆ ರೋಗಿಗಳು ಹೋದ ಮೇಲೆ. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಆನೆಯಷ್ಟು ದೊಡ್ಡ ದವಡೆಹಲ್ಲಿನ ಚಿತ್ರ, ಲವಂಗದೆಣ್ಣೆಯ ವಾಸನೆ. ಅಲ್ಲಿ ಕೂತರೆ ಯಾರಿಗೇ ಆದರೂ ಬಾಯಿ ಬಿಡಲು ಹಿಂಜರಿಕೆ. ಅಕ್ಕ ಬಿಟ್ಟಳು. ಎಲ್ಲವನ್ನೂ ಹೇಳಿದಳು.

ಡಾಕ್ಟ್ರು ನಕ್ಕುಬಿಟ್ಟರು. "ಅಲ್ಲಮ್ಮ, ನಮ್ಮಜ್ಜಿ ಆಡ್ತಿದ್ದ ಆಟ. ಅವರನ್ನೂ ಒಳಗೆ ಹಾಕ್ತಿದ್ರಾ?"

"ನಿಮ್ಮಜ್ಜಿ ಇಲ್ಲಿ ಆಡಿದ್ರೆ, ಟಿಕೆಟ್ ಮಾರಿ ಆಡಿಸಿದ್ರೆ, ಅವರನ್ನೂ ಕೇಳ್ತಿದ್ರು ಡಾಕ್ಟ್ರೇ."

"ಇಷ್ಟು ವರ್ಷ ಆಡಿಲ್ವಾ? ಯಾರಾದ್ರೂ ಬಂದ್ರಾ? ಕೇಳೋಕೆ ಹೋದ್ರೆ ಬೇಡ ಅಂತಾನೇ ಹೇಳ್ತಾರೆ. ಸುಮ್ನಿದ್ದಿದ್ರೆ ಆಗ್ತಿತ್ತು. ಈಗ ನೀವು ಫೋನ್ ಮಾಡಿ ಹುತ್ತಕ್ಕೆ ಕೈ ಹಾಕಿದ್ರಿ."

"ಅವರು ಬೇಡ ಅನ್ನಲಿಲ್ಲ. ಹೇಗೆ ಆಡಬೇಕು ಅಂತ ಹೇಳಿದ್ರು."

ಡಾಕ್ಟ್ರು ಕೆಟ್ಟವರಲ್ಲ. ಕೂಟದ ಎಷ್ಟೋ ಮಕ್ಕಳ ಹಲ್ಲುಗಳನ್ನು ಕಾಸು ತೆಗೆದುಕೊಳ್ಳದೆ ನೋಡಿದವರು. ಆದರೆ ಆ ದೇಶಕ್ಕೆ ಬಂದು ಅವರಿಗೆ ಎಷ್ಟೋ ಕಾಲವಾಗಿತ್ತು, ಅಲ್ಲಿಯ ಪ್ರಜೆಯೂ ಆಗಿದ್ದರು. ವೀಸಾ ಎಂಬ ಮಾತು ಕೇಳಿದರೆ ಹಳೆಯ ಜ್ವರದ ನೆನಪಿನಂತೆ ನಗುತ್ತಿದ್ದರು. "ಹೆಚ್ಚೆಂದ್ರೆ ಏನಾಗುತ್ತೆ? ಒಂದು ದಂಡ ಹಾಕ್ತಾರೆ. ನಾನೇ ಕಟ್ತೀನಿ, ಆಯ್ತಲ್ಲ."

ಅಕ್ಕನಿಗೆ ಆ ಹೊತ್ತಿನಲ್ಲಿ ಸಿಟ್ಟು ಬಂತು. ಹೌಸಿ ಅಕ್ಕ ಸಿಟ್ಟಾದದ್ದನ್ನು ಯಾರೂ ನೋಡಿರಲಿಲ್ಲ.

"ಡಾಕ್ಟ್ರೇ, ತಪ್ಪು ಒಂದೇ ಇರಬಹುದು. ಆದ್ರೆ ಅದು ನಿಮಗೆ ದಂಡ, ನನಗೆ ವಿಮಾನ. ನಿಮ್ಮ ದಂಡ ನೀವು ಕಟ್ತೀರಿ, ಸರಿ. ನನ್ನ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ. ನಿಮ್ಮ ಮೇಲೆ ಯಾವುದಾದರೂ ಪ್ರಕರಣ, ದಂಡ, ವಿಚಾರಣೆ ಇದೆಯಾ ಅಂತ. ಅದಕ್ಕೆ ಇದೆ ಅಂತ ಬರೀಬೇಕಾಗುತ್ತೆ. ಆಮೇಲೆ ನನ್ನ ಮಗಳಿಗೆ ಏನು ಹೇಳಲಿ? ತಂಬೋಲ ಆಡಿಸೋಕೆ ಹೋಗಿ ನಿನ್ನ ಕಳ್ಕೊಂಡೆ ಅನ್ಲಾ?"

ಡಾಕ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಮಾತಾಡಿದ್ದು ಖಜಾಂಚಿ. ಒಂದು ಗೋದಾಮಿನಲ್ಲಿ ಸರಕು ಸಾಗಣೆಯ ಮೇಲ್ವಿಚಾರಕ ಆತ. ಆ ತನಕ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಿದ್ದವನು ತಲೆಯೆತ್ತಿದ. ಅವನದೂ ಕೆಲಸದ ವೀಸಾ.

"ಅಕ್ಕ, ಒಂದು ಮಾತು. ಈ ರಮ್ಮಿ ಆ್ಯಪ್ ಇದ್ಯಲ್ಲ, ದುಡ್ಡು ಹಾಕಿ ಆಡೋದು. ಅದು ನಮ್ಮೂರಿಂದಲೇ ಡೌನ್‌ಲೋಡ್ ಮಾಡ್ಕೊಂಡಿದ್ದು. ಅದಕ್ಕೆ ಇಲ್ಲಿನ ಕಾನೂನು ಬರಲ್ಲ ಅಲ್ವಾ?"

"ಅದೂ ಆ ವೆಬ್‌ಸೈಟಿನಲ್ಲಿದೆ. ಆ್ಯಪ್ ಯಾವ ಊರಿಂದು ಅಂತ ಅವರು ನೋಡಲ್ಲ. ನೀನು ಎಲ್ಲಿ ಕೂತು ಆಡ್ತೀಯ ಅಂತ ನೋಡ್ತಾರೆ. ಇಲ್ಲಿ ಪರವಾನಗಿ ಇಲ್ಲದ್ದನ್ನ ಇಲ್ಲಿ ಕೂತು ಆಡೋ ಹಾಗಿಲ್ಲ."

ಖಜಾಂಚಿ ಮೊಬೈಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಏನೋ ಒಂದು ಅಲ್ಲಿಂದ ಮಾಯವಾಯಿತು. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಏನೂ ಆಗದವನಂತೆ ಹೇಳಿದ, "ನಾನು ಅಕ್ಕನ ಕಡೆ."

ಅಕ್ಕನ ಕಡೆಗೆ ಬಂದರೂ ಅವನ ಲೆಕ್ಕದ ತಲೆ ಸುಮ್ಮನಿರಲಿಲ್ಲ. ಟಿಕೆಟ್ಟನ್ನು ಪುಕ್ಕಟೆ ಎಂದು ಹೇಳೋಣ, ಆದರೆ ಒಳಗೆ ಬರುವಾಗ ಎಲ್ಲರೂ ದೇಣಿಗೆ ಹಾಕಲೇಬೇಕು, ಹಾಕಿದವರಿಗೆ ಮಾತ್ರ ಚೀಟಿ ಎಂದ. ಡಾಕ್ಟ್ರ ಮುಖ ಅರಳಿತು. ಅಕ್ಕನಿಗೂ ಒಂದು ಗಳಿಗೆ ಆಸೆಯಾಯಿತು. ಆದರೆ ಮೊದಲ ಸಲದ ಭಯ ಎರಡನೆಯ ಸಲಕ್ಕೆ ಇರುವುದಿಲ್ಲ. ಮರುದಿನ ಅದೇ ಬಟ್ಟೆ ಕೋಣೆಯಿಂದ ಅದೇ ನಂಬರಿಗೆ ಫೋನು ಮಾಡಿ ಕೇಳಿಯೇಬಿಟ್ಟಳು. ಉತ್ತರ ಚುಟುಕಾಗಿ ಬಂತು: ಕೊಡದೆ ಚೀಟಿ ಸಿಗುವುದಿಲ್ಲ ಎಂದಾದರೆ ಅದಕ್ಕೆ ಏನೇ ಹೆಸರಿಡಿ, ಅದು ಬೆಲೆಯೇ. ಊಟ ಮಾರಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಊಟ ಕೊಳ್ಳದವರಿಗೂ, ಬಿಡಿಗಾಸು ಕೊಡದವರಿಗೂ ಕೇಳಿದರೆ ಚೀಟಿ ಸಿಗಬೇಕು. ದುಡ್ಡು ಕೊಟ್ಟವರಿಗೆ ಗೆಲ್ಲುವ ಅವಕಾಶ ಒಂದು ಚೂರೂ ಹೆಚ್ಚಿರಕೂಡದು.

ಆ ಕೊನೆಯ ಮಾತೇ ಅಕ್ಕನ ತಲೆಯಲ್ಲಿ ಉಳಿಯಿತು. ಔಷಧಿಯ ಗಾಡಿ ತಳ್ಳಿಕೊಂಡು ಕೋಣೆಯಿಂದ ಕೋಣೆಗೆ ಹೋಗುವಾಗ ಅದನ್ನೇ ಮೆಲುಕು ಹಾಕಿದಳು. ಗೆಲ್ಲುವ ಅವಕಾಶ ಮಾರಬಾರದು, ಸರಿ. ಹಾಗಾದರೆ ಮಾರಲು ತಮ್ಮ ಹತ್ತಿರ ಇನ್ನೇನಿದೆ? ಬಸ್ ಡ್ರೈವರ್ ಅಜ್ಜನ ಕೈಗೆ ಮಾತ್ರೆ ಹಾಕಿ ನೀರು ಕೊಡುವಾಗ ಅವರು ಹಲ್ಲಿಲ್ಲದ ಬಾಯಲ್ಲಿ ಹೇಳಿದರು, "ನೀನು ಕೂಗೋ ದಿನ ಮಾತ್ರ ನಾನು ಎದ್ದು ಬರ್ತೀನಿ ಮಗಳೇ. ಸೋಪು ಯಾರಿಗೆ ಬೇಕು?"

ಅಕ್ಕ ನೀರಿನ ಲೋಟ ಹಿಡಿದುಕೊಂಡು ಹಾಗೇ ನಿಂತಳು. ಜನ ಬರುವುದು ಬಹುಮಾನಕ್ಕಲ್ಲ, ಕೂಗಿಗೆ. ಹಾಗಾದರೆ ಮಾರಬೇಕಾದ್ದೂ ಅದನ್ನೇ.

ತೊಂಬತ್ತು ಸಂಖ್ಯೆ. ಒಂದೊಂದನ್ನು ಒಂದೊಂದು ಮನೆಯವರು, ಅಂಗಡಿಯವರು ತರಗತಿಗೆ ದೇಣಿಗೆ ಕೊಟ್ಟು ತಮ್ಮದಾಗಿಸಿಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ಸಿಗುವುದು ಬಹುಮಾನವಲ್ಲ, ಗೆಲ್ಲುವ ಅವಕಾಶವೂ ಅಲ್ಲ. ಆ ಸಂಖ್ಯೆ ಬಂದಾಗ ಅವರ ಬಗ್ಗೆ ಅಕ್ಕ ಕಟ್ಟಿದ ಒಂದು ಸಾಲು, ಇಡೀ ಹಾಲಿಗೆ ಕೇಳುವಂತೆ. ಚೀಟಿ ಮಾತ್ರ ಬಂದವರಿಗೆಲ್ಲ ಒಂದೊಂದು, ಪುಕ್ಕಟೆ. ಬಹುಮಾನ ಅಂಗಡಿಯವರು ಸುಮ್ಮನೆ ಕೊಟ್ಟ ಸಾಮಾನು. ಇದನ್ನೂ ಕಚೇರಿಗೆ ಬರೆದು ಕೇಳಿದಳು. ಅಡ್ಡಿಯಿಲ್ಲ ಎಂದು ಉತ್ತರ ಬಂತು.

ಡಾಕ್ಟ್ರು ಮೊದಲು ಮೂಗು ಮುರಿದರು. "ಒಂದು ಸಾಲು ಕೇಳೋಕೆ ಯಾರಮ್ಮ ದುಡ್ಡು ಕೊಡ್ತಾರೆ?"

"ಮೂವತ್ತೆರಡು ಯಾರಿಗೆ ಕೊಡೋದು ಅಂತ ಯೋಚನೆ ಮಾಡ್ತಿದ್ದೆ" ಅಂದಳು ಅಕ್ಕ. "ಪಕ್ಕದ ಬೀದಿಗೆ ಹೊಸದಾಗಿ ಒಬ್ಬ ಹಲ್ಲು ಡಾಕ್ಟ್ರು ಬಂದಿದಾರಂತೆ. ಅವರನ್ನ ಕೇಳ್ಲಾ?"

"ಮೂವತ್ತೆರಡು ನನ್ನದು" ಎಂದರು ಡಾಕ್ಟ್ರು ಕೂಡಲೇ. ಅಲ್ಲಿಗೆ ಸಭೆ ಮುಗಿಯಿತು.

ಆ ಮುಂದಿನ ದಿನಗಳಲ್ಲಿ ಖಜಾಂಚಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿ, ಟಿಕೆಟ್ ಕೊಂಡವರ ಮನೆಗೆಲ್ಲ ಹೋಗಿ ದುಡ್ಡು ವಾಪಸು ಕೊಟ್ಟು ಬಂದ. ತೆಗೆದುಕೊಳ್ಳಲು ಒಪ್ಪದವರು ಒಬ್ಬರೇ, ಎಲ್ಲರೂ ದೊಡ್ಡಮ್ಮ ಎನ್ನುವ ಹೊಲಿಗೆ ಅಂಗಡಿಯ ಯಜಮಾನಿ. ಕೊಟ್ಟ ದುಡ್ಡನ್ನು ತಾನು ಜನ್ಮದಲ್ಲಿ ವಾಪಸು ಮುಟ್ಟಿದವಳಲ್ಲ ಎಂದು ಹಟ ಹಿಡಿದರು. ಖಜಾಂಚಿ ಅಂಗಲಾಚಿದ. ನೀವು ತಗೊಳ್ಳಲಿಲ್ಲ ಅಂದ್ರೆ ನಾನು ವಾಪಸು ಊರಿಗೆ ಹೋಗಬೇಕಾಗುತ್ತೆ ದೊಡ್ಡಮ್ಮ ಎಂದ. ಕೊನೆಗೆ ಅವರು ದುಡ್ಡು ಈಸಿಕೊಂಡು ಸೆರಗಿನ ತುದಿಗೆ ಕಟ್ಟಿ, ಅದೇ ಗಂಟನ್ನು ಬಿಚ್ಚಿ, "ಈಗ ಇದು ಬೇರೆ ದುಡ್ಡು. ನನಗೆ ಒಂದನೇ ನಂಬರ್ ಕೊಡು" ಎಂದರು. ಸುದ್ದಿ ಹಬ್ಬಿತು. ಒಂದು ದೊಡ್ಡಮ್ಮನಿಗೆ ಹೋಯಿತು, ಮೂವತ್ತೆರಡು ಡಾಕ್ಟ್ರಿಗೆ ಹೋಯಿತು ಎಂದು ತಿಳಿದ ಮೇಲೆ ಜನ ಸುಮ್ಮನಿದ್ದಾರೆಯೇ? ಮದುವೆಯಾದ ತಾರೀಕು ಬೇಕು ಎಂದು ಒಬ್ಬರು, ಮನೆ ನಂಬರು ಬೇಕು ಎಂದು ಇನ್ನೊಬ್ಬರು. ಎಪ್ಪತ್ತೊಂದಕ್ಕಾಗಿ ಇಬ್ಬರು ಷಡ್ಡಕರು ಮಾತು ಬಿಟ್ಟರು.

ವಾರ್ಷಿಕೋತ್ಸವದ ದಿನ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಬಾಗಿಲ ಹತ್ತಿರ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಅಲ್ಲಿಯ ಭಾಷೆಯಲ್ಲೂ ಬರೆದು ಹಾಕಿದ್ದರು: ಟಿಕೆಟ್ಟಿಗೆ ಕಾಸಿಲ್ಲ. ಅಕ್ಕ ಚೀಲ ಹಿಡಿದು ವೇದಿಕೆ ಹತ್ತಿದಳು.

"ಒಂದೇ ಮಾತು, ಒಂದೇ ಗಂಟು, ದೊಡ್ಡಮ್ಮನ ಸೆರಗು, ಒಂದು" ಎಂದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ಎದ್ದು ನಿಂತು ಸೆರಗು ಎತ್ತಿ ತೋರಿಸಿದರು. ಡಾಕ್ಟ್ರ ಸಂಖ್ಯೆ ಬಂದಾಗ ಅಕ್ಕ ಸುಮ್ಮನಾಗಿ, ಅವರನ್ನೇ ನೋಡಿ, ಆಮೇಲೆ ಅಂದಳು, "ಕಿತ್ತರೂ ನಗಿಸ್ತಾರೆ, ಕಟ್ಟಿದ್ರೂ ನಗಿಸ್ತಾರೆ, ಬಿಲ್ ನೋಡಿದ್ರೆ ಮಾತ್ರ ಬಾಯಿ ಮುಚ್ಚಲ್ಲ, ಮೂವತ್ತೆರಡು." ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟ್ರೇ.

ಆಗಲೇ ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಳೆಯ ಪೋಸ್ಟರ್. ಬೆಲೆ ಒಂದು ಮೂಲೆಯಲ್ಲಿ, ಅಕ್ಕನ ಫೋಟೊ ಇನ್ನೊಂದು ಮೂಲೆಯಲ್ಲಿ. ಆ ಪೋಸ್ಟರನ್ನು ಯಾರೋ ಎಲ್ಲೋ ನೋಡಿ ಕಚೇರಿಗೆ ಕಳಿಸಿದ್ದರು. ತಪಾಸಣೆಗೆ ಬಂದವಳು ಅವಳು. ಡಾಕ್ಟ್ರ ನಗು ಅರ್ಧದಲ್ಲೇ ನಿಂತಿತು. ಖಜಾಂಚಿಯ ಮುಖ ಸುಣ್ಣದಂತೆ ಬಿಳಿಚಿತು. ಹಾಲಿನ ತುಂಬ ಕೆಲಸದ ವೀಸಾದವರು, ಓದಲು ಬಂದವರು ಇದ್ದರು. ಅವರೆಲ್ಲ ತಮ್ಮ ಕೈಯ ಚೀಟಿಯನ್ನು ಕೆಂಡ ಹಿಡಿದವರಂತೆ ನೋಡಿಕೊಂಡರು.

ಅಕ್ಕ ವೇದಿಕೆಯಿಂದ ಇಳಿದು ಬಂದಳು. ಬಾಗಿಲ ಬರಹ ತೋರಿಸಿದಳು. ಕಚೇರಿಯಿಂದ ಬಂದ ಉತ್ತರಗಳನ್ನು ಮೊಬೈಲಿನಲ್ಲಿ ತೆರೆದು ಕೊಟ್ಟಳು. ಆ ಹೆಂಗಸು ಪೂರ್ತಿ ಓದಿದಳು. ಅಷ್ಟಕ್ಕೇ ಬಿಡದೆ, ಹತ್ತಿರದಲ್ಲಿದ್ದ ಮೂರು ನಾಲ್ಕು ಮಂದಿಯನ್ನು ಚೀಟಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದಳು. ಎಲ್ಲರೂ ಏನೂ ಇಲ್ಲ ಎಂದರು. ಊಟ ಕೊಂಡಿರಾ? ಒಬ್ಬರು ಹೌದು, ಒಬ್ಬರು ಇಲ್ಲ, ಇಬ್ಬರ ಕೈಯಲ್ಲೂ ಚೀಟಿ. ದೊಡ್ಡಮ್ಮನನ್ನು ಕೇಳಿದಾಗ ಅವರು ಭಾಷೆ ಬಾರದೆ, ಚೀಟಿಯನ್ನೂ ಸೆರಗಿನ ಬಿಚ್ಚಿದ ಗಂಟನ್ನೂ ತೋರಿಸಿ ಖಾಲಿ ಅಂಗೈ ಅಲ್ಲಾಡಿಸಿದರು. ಯಾವ ಭಾಷೆಯವರಿಗೂ ಅದು ಅರ್ಥವಾಗುವಂತಿತ್ತು.

"ಫೋನ್ ಮಾಡಿದ್ದು ನೀವೇ ತಾನೆ? ಬಟ್ಟೆ ಒಗೆಯೋ ಕೋಣೆಯಿಂದ?" ಎಂದು ಆ ಹೆಂಗಸು ಕೇಳಿದಳು. ಆ ದನಿಯನ್ನು ಅಕ್ಕ ಆಗ ಗುರುತು ಹಿಡಿದಳು. "ಹಿಂದೆ ವಾಷಿಂಗ್ ಮೆಷೀನಿನ ಸದ್ದು ಬರ್ತಿತ್ತು." ಹಳೆಯ ಪೋಸ್ಟರನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. "ಎಲ್ಲ ಸರಿಯಾಗಿದೆ. ನಾನು ಸ್ವಲ್ಪ ಹೊತ್ತು ನೋಡಬಹುದಾ?"

ಖಜಾಂಚಿ ಓಡಿಹೋಗಿ ಕುರ್ಚಿ ತಂದ, ಚೀಟಿಯನ್ನೂ ತಂದ. ಆಗಲೇ ಕೂಗಿದ್ದ ಸಂಖ್ಯೆಗಳನ್ನೂ ಮುಂದಿನವನ್ನೂ ಪಕ್ಕದವರು ಅವಳ ಭಾಷೆಯಲ್ಲಿ ಹೇಳಿಕೊಟ್ಟರು. ಅಕ್ಕ ಇನ್ನೂ ಕೆಲವು ಬಿಲ್ಲೆ ತೆಗೆಯುವಷ್ಟರಲ್ಲಿ ಅಧಿಕಾರಿಣಿ ಕೈ ಎತ್ತಿದ್ದಳು. ಮೇಲಿನ ಸಾಲು ತುಂಬಿತ್ತು. ಹಾಲಿನಲ್ಲಿ ಚಪ್ಪಾಳೆ ಕಿವಿಗಡಚಿಕ್ಕಿತು. ಡಾಕ್ಟ್ರು ಖುದ್ದಾಗಿ ಬಹುಮಾನದ ಕುಕ್ಕರು ಹೊತ್ತುಕೊಂಡು ಹೋದರೆ ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನಾನು ತಗೊಳ್ಳೋ ಹಾಗಿಲ್ಲ. ನಮಗೂ ಒಂದು ಕಾನೂನಿದೆ."

ಅದನ್ನು ಅಕ್ಕ ಮೈಕಿನಲ್ಲಿ ಕನ್ನಡಕ್ಕೆ ತಂದಾಗ ಎದ್ದ ನಗು ಹೊರಗಿನ ಬೀದಿಗೂ ಕೇಳಿಸಿರಬೇಕು. ಕುಕ್ಕರು ಎರಡನೆಯವರಾಗಿ ಸಾಲು ತುಂಬಿದ ವಿದ್ಯಾರ್ಥಿನಿಯ ಪಾಲಾಯಿತು. ಆ ಹೊತ್ತಿಗೆ ಅಕ್ಕನ ಕೈಗೆ ಬಂದ ಬಿಲ್ಲೆಯನ್ನು ನೋಡಿ ಅವಳಿಗೇ ನಗು ಬಂತು. ಯಾರೂ ಕೊಳ್ಳದೆ ಉಳಿದಿದ್ದ ಸಂಖ್ಯೆ ಅದೊಂದೇ, ಅದನ್ನು ಅವಳು ತನ್ನದಾಗಿ ಇಟ್ಟುಕೊಂಡಿದ್ದಳು. "ಛಪ್ಪನ್ನೈವತ್ತಾರು ದೇಶ ಸುತ್ತಿ ಬನ್ನಿ, ಆಟ ಅದೇ, ರೂಲ್ಸು ಬೇರೆ, ಕೇಳಿ ಆಡಿ, ಐವತ್ತಾರು."

ತರಗತಿಯ ಬಾಡಿಗೆ ಬಂತೇ ಎಂದು ಕೇಳಿದರೆ, ಬಂತು. ಟಿಕೆಟ್ ಮಾರಿದ್ದರೆ ಬರುತ್ತಿದ್ದದ್ದಕ್ಕಿಂತ ಜಾಸ್ತಿಯೇ ಬಂತು.

ಸಂದರ್ಶನದ ದಿನ ಕೌಂಟರಿನ ಆಚೆ ಕೂತ ಅಧಿಕಾರಿ ಆ ಪ್ರಶ್ನೆಯನ್ನು ಕೇಳಿಯೇ ಕೇಳಿದ. ನಿಮ್ಮ ಮೇಲೆ ಯಾವುದಾದರೂ ಪ್ರಕರಣ, ದಂಡ, ವಿಚಾರಣೆ ಇದೆಯೇ? ಅಕ್ಕ ಗಾಜಿನಾಚೆ ನೇರವಾಗಿ ನೋಡಿ "ಇಲ್ಲ" ಅಂದಳು. ಅಷ್ಟು ಚಿಕ್ಕ ಮಾತನ್ನು ಅಷ್ಟು ಸುಖವಾಗಿ ಅವಳು ಬದುಕಿನಲ್ಲಿ ಎಂದೂ ಹೇಳಿರಲಿಲ್ಲ. ಕೆಲವು ವಾರಗಳ ನಂತರದ ಒಂದು ವಿಡಿಯೊ ಕಾಲಿನಲ್ಲಿ ಮಗಳು ಎಂದಿನಂತೆ ಕೇಳಿದಾಗ ಉತ್ತರ ಬದಲಾಗಿತ್ತು. "ಆಯ್ತು ಪುಟ್ಟ." ಮಗಳು ಮೊಬೈಲನ್ನು ಮಂಚದ ಮೇಲೆ ಬಿಸಾಡಿ ಓಡಿಹೋದಳು. ಅಮ್ಮ ಎಷ್ಟೋ ಹೊತ್ತು ಆ ಮನೆಯ ಫ್ಯಾನನ್ನೇ ನೋಡುತ್ತಾ, ಅಪ್ಪ ಮಗಳ ಕೇಕೆ ಕೇಳುತ್ತಾ ಅತ್ತಳು.

ಮರುವರ್ಷದ ವಾರ್ಷಿಕೋತ್ಸವಕ್ಕೆ ಚೀಲ ಹಿಡಿದು ವೇದಿಕೆ ಹತ್ತಿದವಳು ಆ ಮಗಳು. ಬಿಲ್ಲೆ ತೆಗೆಯುವ ಹಳೆಯ ಹಕ್ಕು ಅವಳಿಗೆ ವಾಪಸು ಬಂದಿತ್ತು. ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನಲ್ಲಿ ಅವಳಪ್ಪ, ಡಾಕ್ಟ್ರು, ದೊಡ್ಡಮ್ಮ. ಆರೈಕೆ ಮನೆಯಿಂದ ಅನುಮತಿ ಪಡೆದು ಕರೆತಂದ ಬಸ್ ಡ್ರೈವರ್ ಅಜ್ಜನೂ ಗಾಲಿಕುರ್ಚಿಯಲ್ಲಿ ಕೂತಿದ್ದರು. ಹುಡುಗಿ ಚೀಲದ ಬಾಯಿ ಬಿಚ್ಚಿ, ಕೈ ಒಳಗೆ ಹಾಕುವ ಮೊದಲು ತಡೆದಳು. ಅಮ್ಮ ಆ ಕಥೆಯನ್ನು ಅವಳಿಗೆ ಎಷ್ಟು ಸಲ ಹೇಳಿದ್ದಳೋ. ಮೈಕು ಹತ್ತಿರವಿದೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ.

"ಅಮ್ಮ, ಇಲ್ಲಿ ಇದನ್ನ ಆಡಬಹುದಾ ಅಂತ ಕೇಳಿದ್ಯಾ?"

ಅಮ್ಮ ಬಾಯಿ ತೆರೆಯುವ ಮೊದಲೇ ಸಭೆಗೆ ಸಭೆಯೇ ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು.

"ಕೇಳಿದ್ದಾರೆ."

ಹುಡುಗಿ ಕೈ ಒಳಗೆ ಹಾಕಿದಳು.